ಅತ್ತೆಯ ಹಣೆ

ಸ್ಟುಡಿಯೋದ ಒಳಕೋಣೆಯಲ್ಲಿ ಇಪ್ಪತ್ತು ವರ್ಷದಿಂದ ಫೋಟೊ ತಿದ್ದುತ್ತಿದ್ದವನನ್ನು ಎಲ್ಲರೂ ಬೊಟ್ಟಪ್ಪ ಎಂದೇ ಕರೆಯುತ್ತಿದ್ದರು. ಹಬ್ಬ ಮುಗಿದ ವಾರವಿಡೀ ಅವನಿಗೆ ಬರೀ ಕುಂಕುಮ ಕದಡಿದ ಹಣೆಗಳದ್ದೇ ಕೆಲಸ. ಕ್ಯಾಮೆರಾ ಮುಂದೆ ನಿಲ್ಲುವ ಮೊದಲು ಒಮ್ಮೆ ಕನ್ನಡಿ ನೋಡಿಕೊಳ್ಳಲು ಇವರಿಗೆ ಏನು ರೋಗ ಎಂದು ಪ್ರತಿ ಫೋಟೊಗೂ ಮೂಗು ಮುರಿಯುತ್ತಿದ್ದ.

ಆ ದಿನ ಒಂದೇ ಮನೆಯ ಇಬ್ಬರು ಸೊಸೆಯರು ಮನೆಮಂದಿಯ ಹಬ್ಬದ ಫೋಟೊ ತಂದು ಅವನ ಬೆನ್ನ ಹಿಂದೆಯೇ ನಿಂತರು.

“ಮೂಗಿನ ಮೇಲೆ ಉದುರಿರೋ ಕುಂಕುಮ ತೆಗೀರಿ. ನನ್ನ ಬೊಟ್ಟು ಮಾಸಿದೆ, ಸ್ವಲ್ಪ ದೊಡ್ಡದಾಗೇ ಇಡಿ,” ಎಂದಳು ಹಿರಿಯಳು.

“ಹಾಗಾದ್ರೆ ನಂದೂ ದೊಡ್ಡದು ಮಾಡಿ,” ಎಂದಳು ಕಿರಿಯಳು.

ಇವರ ಬುದ್ಧಿಯೂ ಬೊಟ್ಟಿನಷ್ಟೇ ಎಂದು ಒಳಗೊಳಗೇ ನಗುತ್ತ, ಬೊಟ್ಟಪ್ಪ ಕಂಪ್ಯೂಟರಿನಲ್ಲಿ ಫೋಟೊದ ಮೇಲೆ ಬೇರೆ ಪದರ ಹಾಕಿ ಇಬ್ಬರ ಹಣೆಗೂ ಕೆಂಪು ತುಂಬಿದ. ಅಂಚನ್ನು ಮೆತ್ತಗಾಗಿಸಿ, ಚರ್ಮದ ಗೆರೆ ಕಾಣುವಷ್ಟು ಬಣ್ಣ ತಿಳಿಯಾಗಿಸಿದ. ಉಳಿದ ಕಲೆಗಳ ಮೇಲೆ ಪಕ್ಕದ ಚರ್ಮವನ್ನೇ ತಂದು ಮುಚ್ಚುತ್ತ, ಗೊಣಗುತ್ತ, ಸರಸರನೆ ಮುಖದಿಂದ ಮುಖಕ್ಕೆ ಹೋದ. ತಮ್ಮ ತಮ್ಮ ಹಣೆ ನೋಡಿಕೊಂಡ ಸೊಸೆಯರು ಹಿಗ್ಗಿ, ಪ್ರಿಂಟ್ ತೆಗೆದುಕೊಂಡು ಹೋದರು.

ಮರುದಿನ ಅದೇ ಪ್ರಿಂಟ್ ಹಿಡಿದು ಅವರ ಅತ್ತೆ ಬಂದರು. ಬೆವರಿಗೆ ಕರಗಿ ಹರಡಿದ್ದ ಅವರ ಹಣೆಯ ಕುಂಕುಮವನ್ನೂ ಬೊಟ್ಟಪ್ಪ ಕಲೆಯೆಂದೇ ಬಗೆದು ಪೂರ್ತಿ ಒರೆಸಿಬಿಟ್ಟಿದ್ದ.

“ಯಾರ ಹಣೆ ಹೇಗಿರ್ಬೇಕು ಅಂತ ನಿಂಗೆ ತುಂಬಾ ಚೆನ್ನಾಗಿ ಗೊತ್ತಂತೆ,” ಎಂದು ಅವರು ಪ್ರಿಂಟನ್ನು ಅವನ ಮುಂದಿಟ್ಟರು. “ಪಕ್ಕದಲ್ಲಿ ನಿಂತಿದ್ದಾರಲ್ಲ ನಮ್ಮ ಯಜಮಾನ್ರು, ಅವರನ್ನೂ ಒರೆಸಿಬಿಡಪ್ಪ. ಆಗ ಫೋಟೊ ಸರಿಹೋಗತ್ತೆ.”