ಜಂಪಣ್ಣನ ಮಗಳ ಮೇಲ್ ಐಡಿ

ಜಗಳೂರಿನಲ್ಲಿ ಕಂಪ್ಯೂಟರ್ ಕ್ಲಾಸ್ ನಡೆಸುವ ಪ್ರೇಮಲತಾ ಅವರಿಗೆ ಮೂಗಿನ ತುದಿಯಲ್ಲೇ ಸಿಟ್ಟು. ಟೈಪಿಂಗ್ ತಪ್ಪಿದರೆ ಬೈಯುತ್ತಾರೆ, ಬೈದು ಮುಗಿಸಿ ಟೀ ಕುಡಿಸುತ್ತಾರೆ. ಅವರಿಂದ ಕಡಿಮೆ ಬೈಸಿಕೊಂಡವಳೆಂದರೆ ಸೊಕ್ಕೆಯ ಜಂಪಣ್ಣನ ಮಗಳು ಸುಧಾ. ಅಂಥ ಹುಡುಗಿಯನ್ನು ಸವಳಂಗದ ಒಂದು ಮನೆಗೆ ಕೊಟ್ಟರು. ಆ ಮನೆಗೆಲ್ಲ ಒಂದೇ ಫೋನು, ಅದೂ ಗಂಡನ ಜೇಬಿನಲ್ಲಿ.

ತವರಿಗೆ ಬಂದಿದ್ದಾಗ ಸುಧಾ ಕ್ಲಾಸಿಗೆ ಬಂದು ಅತ್ತಳು. "ಮೇಡಂ, ಎಲ್ಲಾದ್ರೂ ಕೆಲಸ ನೋಡ್ರಿ. ಅಲ್ಲಿ ಉಸಿರು ಕಟ್ಟಿದಂಗೆ ಆಗೈತೆ. ಹಳೇ ಮೇಲ್ ಪಾಸ್‌ವರ್ಡ್ ನಮ್ಮ ಯಜಮಾನ್ರಿಗೆ ಗೊತ್ತೈತೆ. ಹೊಸ ಐಡಿ ಮಾಡಿ ಕಳಿಸ್ತೀನಿ, ಜೆರಾಕ್ಸ್ ಅಂಗಡ್ಯಾಗೆ ತೆಗೆದು ನೋಡ್ತೀನಿ. ಅವರ ನಂಬರಿಗೆ ಮಾತ್ರ ಫೋನ್ ಮಾಡಾಕೆ ಹೋಗಬ್ಯಾಡ್ರಿ."

ಹೊನ್ನಾಳಿಯ ವಸತಿ ಶಾಲೆಯೊಂದರಲ್ಲಿ ಕೆಲಸ ಸಿಕ್ಕುವಂತಾಯಿತು, ಇರಲು ಕೋಣೆ ಸಮೇತ. ಶನಿವಾರ ಸಂದರ್ಶನ. ಅದರ ಪತ್ರ ಪ್ರೇಮಲತಾ ಅವರ ಮೇಲ್‌ಗೆ ಬಂದ ಬೆಳಿಗ್ಗೆಯೇ ಆ ಗಂಡನ ನಂಬರಿನಿಂದ ಮೆಸೇಜು ಬಂತು. ನಮಸ್ಕಾರವಿಲ್ಲ, ಹೆಸರಿಲ್ಲ, ಇಷ್ಟೇ:

jampanamagalu@gmial.con

"ಅಯ್ಯೋ ಮಾರಾಯ್ತಿ!" ಎಂದರು ಪ್ರೇಮಲತಾ. ತಿರುಗಿ ಕೇಳುವ ಹಾಗಿಲ್ಲ.

ವಿಳಾಸದ ಬಾಲ ಸುಲಭವಾಗಿತ್ತು. ಕೀಲಿಮಣೆಯಲ್ಲಿ n ಮತ್ತು m ಅಕ್ಕಪಕ್ಕ, ಹಾಗಾಗಿ con ಎಂದರೆ com. ಆದರೆ ಅಷ್ಟನ್ನೇ ತಿದ್ದುವಂತಿರಲಿಲ್ಲ. con ಎಂದೇ ಬಿಟ್ಟಿದ್ದರೆ ಮೇಲ್ ಹೋಗದೆ ವಾಪಸ್ ಬರುತ್ತಿತ್ತು. com ಮಾತ್ರ ಸರಿಮಾಡಿ ಬಿಟ್ಟರೆ, gmial.com ಎಂಬ ವಿಳಾಸ ಬೇರೆ ಯಾರದ್ದಾದರೂ ಆಗಿದ್ದರೆ ಪತ್ರ ಸದ್ದಿಲ್ಲದೆ ಅವರ ಪಾಲಾಗುತ್ತಿತ್ತು. ಅವಸರಕ್ಕೆ ಹಿಂದುಮುಂದಾದ i, a ಎರಡನ್ನೂ ಸರಿಮಾಡಿ gmail ಮಾಡಿದರು.

ಹೆಸರಿನ ಭಾಗ ಹಾಗಲ್ಲ. ತಮ್ಮ ಹೆಸರನ್ನು ಜನ ತಮಗೆ ಬೇಕಾದಂತೆ ಬರೆದುಕೊಳ್ಳುತ್ತಾರೆ. ಜಂಪಣ್ಣನಿಗೆ ಒಂದೇ n ಸಾಕೆಂದು ಅವಳೇ ಇಟ್ಟಿದ್ದರೆ? ಲಾಗಿನ್ ಪುಟದಲ್ಲಿ ಹಾಕಿ ನೋಡಿದರು. ಒಂದು n ಇದ್ದದ್ದಕ್ಕೆ ಅಂಥ ಖಾತೆಯೇ ಇಲ್ಲವೆಂದಿತು. ಎರಡು n ಹಾಕಿದಾಗ ಪಾಸ್‌ವರ್ಡ್ ಕೇಳಿತು. ಹಾಗೆಂದು ಅದು ಸುಧಾಳದ್ದೇ ಎನ್ನಲಾದೀತೆ? ಜಂಪಣ್ಣ ಎಂಬವರು ಎಷ್ಟಿಲ್ಲ, ಅವರಿಗೆ ಹೆಣ್ಣುಮಕ್ಕಳು ಎಷ್ಟಿಲ್ಲ! ಪ್ರೇಮಲತಾ ಅವರಿಗೆ ಭಯವಾಯಿತು. ಪತ್ರ ಕಳಿಸಲಿಲ್ಲ, "ಕ್ಲಾಸಿನಲ್ಲಿ ನೀನು ಎಲ್ಲಿ ಕೂರುತ್ತಿದ್ದೆ?" ಎಂದಷ್ಟೇ ಆ ವಿಳಾಸಕ್ಕೆ ಬರೆದರು.

ಉತ್ತರ ಕೂಡಲೇ ಬಂತು.

"ಸುಧಾ ಕೆಲಸದಾಗೆ ಅದಾಳೆ. ನಾನು ಅವಳ ಯಜಮಾನ. ಏನು ವಿಷಯ ನನಗೇ ಹೇಳ್ರಿ."

ವಿಳಾಸ ಸರಿಯಾಗಿಯೇ ಇತ್ತು. ಅವನ ಫೋನಿನಲ್ಲೇ ಖಾತೆ ತೆರೆದ ಹುಡುಗಿಗೆ ಅದನ್ನು ಅಲ್ಲಿಂದ ತೆಗೆಯುವಷ್ಟು ಪುರುಸೊತ್ತು ಸಿಕ್ಕಿರಲಿಲ್ಲ. ಪ್ರೇಮಲತಾ ಅವರ ಕಣ್ಣು ತುಂಬಿದವು; ಆ ಕ್ಷಣಕ್ಕೆ ಅವನನ್ನು ಕೊಲ್ಲುವಷ್ಟು ಸಿಟ್ಟೂ ಬಂತು. "ಏನಿಲ್ಲ, ಹಳೇ ಹುಡುಗಿಯರ ವಿಳಾಸ ನೋಡ್ತಿದ್ದೆ" ಎಂದು ಬರೆದರು.

ಆಮೇಲೆ ಪತ್ರವನ್ನು ಪ್ರಿಂಟ್ ತೆಗೆದು, ಅರಿಸಿನ ಕುಂಕುಮದ ಜೊತೆ ಹೊಸ ರವಿಕೆ ಕಣದ ಮಡಿಕೆಯೊಳಗಿಟ್ಟು, ಕ್ಲಾಸಿಗೆ ಬೀಗ ಹಾಕಿ ದಾವಣಗೆರೆ ಬಸ್ ಹತ್ತಿದರು. ಅಲ್ಲಿಂದ ಸವಳಂಗಕ್ಕೆ ಇನ್ನೊಂದು ಬಸ್ಸು. ರವಿಕೆ ಕಣ ಬಿಚ್ಚಿ ನೋಡುವ ಗಂಡಸು ಆ ಮನೆಯಲ್ಲಿ ಇರಲಿಕ್ಕಿಲ್ಲ ಎಂಬುದೊಂದೇ ಅವರ ಧೈರ್ಯ.