ನಾನು ತಪ್ಪಾಗಿ ಬಿಡಿಸಿದ ಪದ

ನಾನು ಚಿಕ್ಕವಳಿದ್ದಾಗ, ಶ್ರಾವಣ ಬಂತೆಂದರೆ ಬೆಟಗೇರಿಯ ನಮ್ಮ ನೇಕಾರರ ಓಣಿಯಲ್ಲಿ ಮಧ್ಯಾಹ್ನ ಮೂರರ ಹೊತ್ತಿಗೆಲ್ಲ ಮಗ್ಗಗಳು ನಿಂತುಬಿಡುತ್ತಿದ್ದವು. ಬೆಳಗಿನಿಂದ ಕಿವಿ ತುಂಬಿರುತ್ತಿದ್ದ ಲಾಳಿಯ ಟಕ್‌ಟಕ್ ಸದ್ದು ಒಮ್ಮೆಲೇ ನಿಂತಾಗ ಓಣಿಯೇ ಉಸಿರು ಹಿಡಿದಂತಾಗುತ್ತಿತ್ತು. ಹೆಂಗಸರು ನೂಲಿನ ಗಂಜಿ ಹತ್ತಿದ ಕೈ ತೊಳೆದುಕೊಂಡು, ಗಂಡಸರು ಹೆಗಲಿಗೆ ಟವೆಲ್ ಹಾಕಿಕೊಂಡು ಓಣಿಯ ತುದಿಯಲ್ಲಿದ್ದ ಗುಡಿಗೆ ಬರುತ್ತಿದ್ದರು. ಅಲ್ಲಿ ತಿಂಗಳು ಪೂರ್ತಿ ಪುರಾಣ. ಓದುತ್ತಿದ್ದುದು ಒಂದು ಹಳೆಯ ಕೈಬರಹದ ಪುಸ್ತಕವನ್ನು. ಬರೆದವರು ಯಾರೆಂದು ಯಾರಿಗೂ ಗೊತ್ತಿರಲಿಲ್ಲ. ರಾಜ್ಯ ಕಳೆದುಕೊಂಡ ಒಬ್ಬ ಅರಸನ ಕತೆ ಅದು, ಎಲ್ಲವೂ ಹಳಗನ್ನಡದ ಪದ್ಯಗಳಲ್ಲಿ. ಓದುವವರು ಪದ್ಯವನ್ನು ರಾಗವಾಗಿ ಹಾಡಿ, ಆಮೇಲೆ ನಮ್ಮ ಮಾತಿನಲ್ಲಿ ಅರ್ಥ ಹೇಳಬೇಕಿತ್ತು.

ಆ ವರ್ಷ ಓದುವ ಕೆಲಸ ಮೊದಲ ಸಲ ಅಪ್ಪನಿಗೆ ಬಂತು. ಅದು ಎಷ್ಟು ದೊಡ್ಡ ಮಾತೆಂದು ನಿಮಗೆ ತಿಳಿಯಬೇಕಾದರೆ ಇನ್ನೊಂದು ಸಂಗತಿಯನ್ನು ಹೇಳಲೇಬೇಕು. ಅದಕ್ಕೂ ಎರಡು ವರ್ಷದ ಹಿಂದೆ ಅಪ್ಪ ಕುಡಿಯುತ್ತಿದ್ದ. ಓಣಿಯ ಜನ ಅವನನ್ನು ಎತ್ತಿಕೊಂಡು ಬಂದು ಕಟ್ಟೆಯ ಮೇಲೆ ಮಲಗಿಸಿ ಹೋದದ್ದೂ ಇತ್ತು. ಆಮೇಲೆ ಒಂದು ದಿನ ಬಿಟ್ಟ. ಹೇಗೆ ಬಿಟ್ಟನೋ ನನಗೆ ತಿಳಿಯದು. ಕೈ ನಡುಗುತ್ತಿದ್ದರೂ ಮಗ್ಗದ ಮುಂದೆ ಕುಳಿತು ನೇಯುತ್ತಿದ್ದುದಷ್ಟೇ ನೆನಪು. ಮೂರನೆಯ ಇಯತ್ತೆಗೇ ಶಾಲೆ ಬಿಟ್ಟವನಾದರೂ ತನ್ನ ಗುರುವಿನ ಬಾಯಿಂದ ಕೇಳಿ ಕೇಳಿ ಆ ಪುಸ್ತಕದ ಪದ್ಯಗಳನ್ನೆಲ್ಲ ಅರ್ಥಸಹಿತ ಕಲಿತಿದ್ದ. ಓಣಿಯ ಹಿರಿಯರಾದ ಮುತ್ಯಾ ಮನೆಗೆ ಬಂದು, "ಈ ಸಲ ಪುರಾಣ ನೀನ ಹೇಳಬೇಕಪಾ" ಎಂದಾಗ ಅಪ್ಪ ಬಗ್ಗಿ ಅವರ ಕಾಲು ಮುಟ್ಟಿದ. ಅಕ್ಕ ಅವನ ಒಂದೇ ಒಂದು ಒಳ್ಳೆಯ ಅಂಗಿಗೆ ಎರಡೆರಡು ಸಲ ಇಸ್ತ್ರಿ ಹೊಡೆದಳು.

ನಾನಾಗ ಎಂಟನೆಯ ಇಯತ್ತೆ, ಶಾಲೆ ಬೆಳಗಿನ ಹೊತ್ತು. ಅದೇ ವಾರ ನಮ್ಮ ಕನ್ನಡ ಮಾಸ್ತರು ಸಮಾಸ ಕಲಿಸಿದ್ದರು. ಎರಡು ಮೂರು ಪದ ಸೇರಿ ಒಂದಾದರೆ ಅದು ಸಮಾಸ. ಅದನ್ನು ಬಿಡಿಸಿ ಅರ್ಥ ಹೇಳುವುದು ವಿಗ್ರಹ. ಹಲಗೆಯ ಮೇಲೆ 'ಮಧುಪ' ಎಂದು ಬರೆದು, ಮಧು ಎಂದರೆ ಜೇನು, ಪ ಎಂದರೆ ಕುಡಿಯುವುದು, ಜೇನು ಕುಡಿಯುವ ದುಂಬಿಯೇ ಮಧುಪ ಎಂದು ತೋರಿಸಿದ್ದರು. ನನಗೆ ಹುಚ್ಚು ಹಿಡಿದಂತಾಯಿತು. ಸಿಕ್ಕ ಸಿಕ್ಕ ಪದವನ್ನೆಲ್ಲ ಒಡೆಯುತ್ತಿದ್ದೆ. ಅಂಗಡಿಯ ಹಲಗೆ, ಮದುವೆಯ ಕಾರ್ಡು, ಯಾವುದನ್ನೂ ಬಿಡಲಿಲ್ಲ. ಮಾಸ್ತರು ತರಗತಿಯಲ್ಲಿ ನನ್ನನ್ನು ಎದ್ದು ನಿಲ್ಲಿಸಿ ಶಾಬಾಸ್ ಅಂದಿದ್ದರು.

ಪುರಾಣದ ನಾಲ್ಕನೆಯ ದಿನ. ಗುಡಿಯಲ್ಲಿ ಊದಿನಕಡ್ಡಿಯ ಹೊಗೆ, ಒದ್ದೆ ಕಂಬಳಿಯ ವಾಸನೆ. ಹೊರಗೆ ಜಿಟಿಜಿಟಿ ಮಳೆ. ನಾನು ಅಕ್ಕನ ಪಕ್ಕದಲ್ಲಿ ಮುಂದಿನ ಸಾಲಿನಲ್ಲೇ ಕುಳಿತಿದ್ದೆ. ಅಪ್ಪ ಗಂಟಲು ಸರಿಮಾಡಿಕೊಂಡು ಹಾಡಿದ:

ಅರಸಂ ಸುರಾಪಗಾತೀ
ರರಮ್ಯಕಾನನನಿವಾಸಿಯಾದಂ ಮುದದಿಂ

ಆಮೇಲೆ ಅರ್ಥ ಹೇಳಿದ: "ದೇವಗಂಗಿ ದಂಡಿ ಮ್ಯಾಲ ಚೆಂದನ ಅಡವಿ ಐತಿ. ಆ ಅಡವ್ಯಾಗ ಅರಸ ಖುಷಿಲೆ ಇದ್ದ."

ನನಗೆ ಕೇಳಿಸಿದ್ದು ಒಂದೇ ಪದ: ಸುರಾಪ. ಮಧುಪದ ಹಾಗೆಯೇ ಇದೆಯಲ್ಲ! ಸುರಾ ಎಂದರೆ ಹೆಂಡ. ಮುಂದಿನದನ್ನು ಯೋಚಿಸುವ ತಾಳ್ಮೆ ನನಗೆಲ್ಲಿತ್ತು? ಎದ್ದು ನಿಂತೇಬಿಟ್ಟೆ.

"ಅಪ್ಪಾ, ನೀ ಹೇಳಿದ್ದು ತಪ್ಪು. ಇದರಾಗ ಗಂಗಿ ಎಲ್ಲೈತಿ? ಸುರಾ ಮತ್ತ ಪ. ಸುರಾಪ ಅಂದ್ರ ಹೆಂಡ ಕುಡಿಯಾಂವ. ಅರಸ ಕುಡುಕ ಆದ ಅಂತ ಅರ್ಥ."

ಹಿಂದಿನಿಂದ ಯಾರೋ ಅಂದರು: "ಅದಕ್ಕ ನೋಡ್ರಿ, ಈ ಪದ್ಯ ಇಂವಗ ಬಾಯಿಪಾಠ ಆಗೈತಿ!"

ಜನ ಹೋ ಎಂದು ನಕ್ಕರು. ನಗಬಾರದೆಂದು ಸೆರಗು ಬಾಯಿಗೆ ಒತ್ತಿಕೊಂಡವರ ಭುಜಗಳೂ ಕುಣಿಯುತ್ತಿದ್ದವು. ಅಪ್ಪನ ಕಿವಿ ಕೆಂಪಾದವು. ಅವನು ಸಿಟ್ಟಾಗಲಿಲ್ಲ. ಪುಸ್ತಕವನ್ನು ಮೆಲ್ಲಗೆ ಮುಚ್ಚಿ, ಬಟ್ಟೆಯಲ್ಲಿ ಸುತ್ತಿ, ಮುತ್ಯಾನ ಮುಂದೆ ಇಟ್ಟ. "ಆಕಿ ಸಾಲಿ ಕಲ್ತಾಕಿ. ಆಕಿ ಅಂದಿದ್ದ ಖರೆ ಇರಬೇಕ್ರಿ. ನಾ ಬರೇ ಕಿವಿಲೆ ಕೇಳಿ ಕಲ್ತಾಂವ. ನಾಳಿಂದ ತಿಳದವ್ರ ಕಡೆ ಓದಸ್ರಿ" ಎಂದು ಹೇಳಿ ಮಳೆಯಲ್ಲೇ ಎದ್ದು ಹೋದ.

ದಾರಿಯಲ್ಲಿ ಅಕ್ಕ ನನ್ನ ರಟ್ಟೆ ಹಿಡಿದು ನಿಲ್ಲಿಸಿದಳು. "ನೀ ಏನ ಮಾಡಿದಿ ಗೊತ್ತೈತೇನ?"

"ಇದ್ದದ್ದ ಹೇಳೀನಿ. ಬೇಕಾದ್ರ ನಮ್ಮ ಮಾಸ್ತರನ ಕೇಳು" ಅಂದೆ. ಹಾಗೆ ಅಂದವಳೇ, ನನ್ನ ಮಾತು ಸರಿಯೆಂದು ಸಾಧಿಸುವ ಹಟದಿಂದ, ನಾಲ್ಕು ಓಣಿ ಆಚೆಗಿದ್ದ ಮಾಸ್ತರ ಮನೆಗೆ ಓಡಿದೆ.

ಮಾಸ್ತರು ಪಡಸಾಲೆಯಲ್ಲಿ ಕುಳಿತು ಚಹಾ ಕುಡಿಯುತ್ತಿದ್ದರು. ನಾನು ಪದ್ಯವನ್ನೂ ಅಪ್ಪ ಹೇಳಿದ ಅರ್ಥವನ್ನೂ ನನ್ನ ಅರ್ಥವನ್ನೂ ಒಂದೇ ಉಸಿರಿಗೆ ಒಪ್ಪಿಸಿದೆ. ಅವರು ಬಳಪ ಮತ್ತು ಪಾಟಿ ತರಿಸಿ ನನ್ನ ಕೈಯಿಂದಲೇ ಎರಡೂ ಸಾಲು ಬರೆಸಿದರು.

"ಸುರಾಪ ಅನ್ನೂ ಪದ ಐತಿ, ಅದರ ಅರ್ಥಾನೂ ನೀ ಅಂದಂಗ ಐತಿ. ಆತು. ಮುಂದ ಏನ ಉಳೀತು?"

"ಗಾತೀ, ಸರ."

"ಗಾತೀ ಅಂದ್ರೇನವಾ?"

ನಾನು ಆ ಎರಡು ಅಕ್ಷರಗಳ ಕೆಳಗೆ ಗೆರೆ ಎಳೆದೆ.

"ಹೋಗ್ಲಿ. ಎರಡನೇ ಸಾಲು ಹೆಂಗ ಸುರು ಆಗತೈತಿ?"

"ರರಮ್ಯ."

"ರರಮ್ಯ ಅಂದ್ರ?"

ಮಾಸ್ತರು ಬೈಯಲಿಲ್ಲ. "ಪದ ಬಿಡಿಸಿದ ಮ್ಯಾಲ ಒಂದ ಅಕ್ಷರಾನೂ ಅರ್ಥ ಇಲ್ಲದಂಗ ಉಳೀಬಾರದು. ಉಳೀತಂದ್ರ ನಾವು ಒಡೆದ ಜಾಗಾನ ತಪ್ಪು. ಇನ್ನೊಂದು ಕೇಳು. ಇದು ಕಂದ ಪದ್ಯ. ಇದರಾಗ ಮಾತ್ರೆಯ ಲೆಕ್ಕ ತುಂಬಿದಲ್ಲೇ ಸಾಲು ಮುರೀತೈತಿ, ಪದ ಮುಗೀಲಿ, ಬಿಡ್ಲಿ. ಮೊದಲನೇ ಸಾಲಿನ ಕಡೀ ಅಕ್ಷರ, ಎರಡನೇ ಸಾಲಿನ ಮೊದಲ ಅಕ್ಷರ, ಎರಡೂ ಕೂಡಿಸಿ ಓದು."

ತೀ, ರ. ತೀರ! ನದಿಯ ದಂಡೆ. ತೀರ ಇದ್ದ ಮೇಲೆ ಅದರ ಹಿಂದೆ ಒಂದು ನದಿ ಇರಲೇಬೇಕಲ್ಲ.

"ತೀರ ತಗದ್ರ ಉಳಿಯೂದು ಸುರಾಪಗಾ. ಆಪಗೆ ಅಂದ್ರ ನದಿ. ಸಮಾಸದ ನಡುವ ಬಂದಾಗ ಅದು ಆಪಗಾ ಅಂತನ ಇರತೈತಿ. ಸುರ ಅಂದ್ರ ದೇವರು. ಈಗ ಸುರ, ಆಪಗಾ, ಎರಡೂ ಕೂಡಿಸು."

ಕೂಡಿಸಿದೆ. ಸುರ ಎಂಬುದರ ಕೊನೆಯ ಅ, ಆಪಗಾ ಎಂಬುದರ ಮೊದಲ ಆ, ಎರಡೂ ಬೆರೆತು ಒಂದೇ ಆ. ಸವರ್ಣದೀರ್ಘ ಸಂಧಿ. ಅದನ್ನೂ ನಾನು ಕಲಿತಿದ್ದೆ, ಉದಾಹರಣೆ ಸಮೇತ ಪರೀಕ್ಷೆಯಲ್ಲಿ ಬರೆದಿದ್ದೆ. ಸುರಾಪಗಾ ಎಂಬುದರೊಳಗಿನ ಆ ದೀರ್ಘ ನಾನು ತಿಳಿದಂತೆ ಹೆಂಡದ 'ಸುರಾ'ದ್ದಲ್ಲ. ಎರಡು ಪದ ಸೇರಿದ ಕಡೆ ಹುಟ್ಟಿದ್ದು. ಪಾಟಿಯ ಮೇಲೆ ಒಂದೊಂದಾಗಿ ಬರೆದೆ: ಸುರ, ಆಪಗಾ, ತೀರ, ರಮ್ಯ, ಕಾನನ, ನಿವಾಸಿ. ಒಂದಕ್ಷರವೂ ಉಳಿಯಲಿಲ್ಲ. ದೇವತೆಗಳ ನದಿಯ ದಂಡೆಯ ಮೇಲಿನ ರಮ್ಯವಾದ ಕಾಡಿನಲ್ಲಿ ವಾಸಿಸುವವನು. ಅಪ್ಪ ಹೇಳಿದ್ದೂ ಅದನ್ನೇ, ಒಂದಿಷ್ಟೂ ಹೆಚ್ಚುಕಡಿಮೆ ಇಲ್ಲದೆ.

"ನಿಮ್ಮ ಅಪ್ಪ ಭಾಳ ಚಲೋ ಅರ್ಥ ಹೇಳ್ಯಾರ" ಎಂದರು ಮಾಸ್ತರು. ಅವರಿಗೆ ಗುಡಿಯಲ್ಲಿ ನಡೆದದ್ದು ಗೊತ್ತಿರಲಿಲ್ಲ. ನಾನೂ ಹೇಳಲಿಲ್ಲ.

ಮನೆಗೆ ಬಂದಾಗ ಅಪ್ಪ ಮಗ್ಗದ ಮುಂದೆ ಕುಳಿತಿದ್ದ. ಲಾಳಿ ಆಡುತ್ತಿರಲಿಲ್ಲ, ಸುಮ್ಮನೆ ಕುಳಿತಿದ್ದ. ನಾನು ಬಾಗಿಲಿಗೆ ಒರಗಿ ನಿಂತು, ನೆಲ ನೋಡುತ್ತ, "ಅಪ್ಪಾ, ನೀ ಹೇಳಿದ್ದ ಖರೆ ಇತ್ತು" ಎಂದೆ. ಮಾಸ್ತರು ತೋರಿಸಿದ್ದನ್ನು ಅಳುತ್ತ ಅಳುತ್ತ ಹೇಳಿದೆ. ಅವನು ಪೂರ್ತಿ ಕೇಳಿದ.

"ನಮ್ಮ ಗುರುಗಳು ಹಿಂಗ ಹೇಳಿ ಕೊಡಲಿಲ್ಲ ಯವ್ವಾ" ಅಂದ. "ಅವರು ಉದ್ದನ ಪದ ಬಂದ್ರ ಬಾಲದ ಕಡಿಂದ ಕೇಳಕೋತ ಹೋಗು ಅಂತಿದ್ರು. ನಿವಾಸಿ ಅಂದ್ರ ಇರಾಂವ. ಎಲ್ಲಿ ಇರಾಂವ? ಕಾನನದಾಗ. ಎಂಥಾ ಕಾನನ? ರಮ್ಯ. ಅದು ಎಲ್ಲೈತಿ? ತೀರದಾಗ. ಯಾರ ತೀರ? ಸುರಾಪಗಾ. ಅಂದ್ರ ದೇವಗಂಗಿ. ಅಷ್ಟ ನನಗ ಗೊತ್ತಿದ್ದದ್ದು."

ಅವನಿಗೆ ಅಷ್ಟು ಗೊತ್ತಿತ್ತು. ಆದರೂ ಮಗಳು ಎದ್ದು ನಿಂತು ತಪ್ಪೆಂದ ಕೂಡಲೇ ತನ್ನದೇ ತಪ್ಪೆಂದು ನಂಬಿದ್ದ. ಅದನ್ನು ನೆನೆದರೆ ಈಗಲೂ ನನ್ನ ಮುಖ ಬಿಸಿಯಾಗುತ್ತದೆ.

"ನನ್ನ ಮುಂದ ಹೇಳಿದ್ರ ಏನಾತು? ಅಲ್ಲಿ ಕುಂತವ್ರ ಮುಂದ ಹೇಳಬೇಕಲ್ಲ" ಎಂದು ಒಳಗಿನಿಂದ ಅಕ್ಕ ಅಂದಳು.

ಮರುದಿನ ಮೂರು ಗಂಟೆಗೆ ಅಪ್ಪನನ್ನು ಕರೆದುಕೊಂಡು ಗುಡಿಗೆ ಹೋದೆ. ನಿನ್ನೆ ಅಷ್ಟು ಸಲೀಸಾಗಿ ಎದ್ದು ನಿಂತಿದ್ದ ಜಾಗದಲ್ಲೇ ಮತ್ತೆ ನಿಂತೆ. ಹೇಗೋ ಹೇಳಿದೆ: ಪದ ಒಡೆದದ್ದು ನನ್ನ ತಪ್ಪು, ಅಪ್ಪನ ಅರ್ಥವೇ ಸರಿ ಎಂದು. ಆಪಗೆ, ತೀರ, ಸಂಧಿ ಎಂದೆಲ್ಲ ವಿವರಿಸಿದೆ. ಯಾರೂ ನಗಲಿಲ್ಲ. ಆದರೆ ಯಾರೂ ನಿನ್ನೆಯಷ್ಟು ಕಿವಿಗೊಟ್ಟು ಕೇಳಲೂ ಇಲ್ಲ. ಅಷ್ಟರಲ್ಲಿ ಮಳೆ ಜೋರಾಗಿತ್ತು, ಅರ್ಧ ಜನ ಬಂದೇ ಇರಲಿಲ್ಲ. ಮುತ್ಯಾ ಪುಸ್ತಕವನ್ನು ಅಪ್ಪನ ಕಡೆ ಸರಿಸಿ, "ಆತು ಬಿಡು, ಓದಪಾ" ಎಂದರು.

ಅಪ್ಪ ಓದಿದ. ತಿಂಗಳು ಪೂರ್ತಿ ಓದಿದ. ಆದರೆ ಪ್ರತಿ ಪದ್ಯ ಹಾಡಿದ ಮೇಲೆ, ಅರ್ಥ ಹೇಳುವ ಮುಂಚೆ, ಒಮ್ಮೆ ನನ್ನ ಕಡೆ ನೋಡುತ್ತಿದ್ದ. ಹೇಳಲೋ ಬೇಡವೋ ಎಂದು ಕೇಳುವ ನೋಟ. ಅದನ್ನು ತಾಳಲಾರದೆ ನಾನು ಕೊನೆಯ ಸಾಲಿಗೆ ಹೋಗಿ ಕಂಬದ ಮರೆಯಲ್ಲಿ ಕುಳಿತುಕೊಳ್ಳತೊಡಗಿದೆ.

ಓಣಿಯಲ್ಲಿ 'ಸುರಾಪ' ಎಂಬ ಅಡ್ಡಹೆಸರೂ ಅವನಿಗೆ ಅಂಟಿಕೊಂಡಿತು. ಹಳಗನ್ನಡದ ಗಂಧವಿಲ್ಲದ ಹುಡುಗರೂ ಅವನು ದಾರಿಯಲ್ಲಿ ಹೋಗುವಾಗ ಹಾಗೆ ಕೂಗುತ್ತಿದ್ದರು. ಅವನು ಸಾಯುವವರೆಗೂ ಮತ್ತೆ ಒಂದು ತೊಟ್ಟು ಕುಡಿಯಲಿಲ್ಲ. ಆದರೂ ಆ ಹೆಸರು ಹೋಗಲಿಲ್ಲ.

ಮಕ್ಕಳೇ, ನಿಮಗೆ ಯಾವ ಪದದ ಅರ್ಥ ಬೇಕಾದರೂ ಮೊಬೈಲಿನಲ್ಲಿ ಬೆರಳಾಡಿಸಿದರೆ ಸಿಗುತ್ತದೆ. ನಿಮ್ಮ ಶಾಲೆಯ ರಸಪ್ರಶ್ನೆಯಲ್ಲಿ ಎಲ್ಲರಿಗಿಂತ ಮೊದಲು ಗುಂಡಿ ಒತ್ತಿ ಉತ್ತರ ಹೇಳಿದವರಿಗೆ ಬಹುಮಾನ ಕೊಡುತ್ತಾರೆ. ಏನಾದರೂ ತಪ್ಪು ಬರೆದು ಕಳಿಸಿದರೂ ಎಲ್ಲರ ಮೊಬೈಲಿನಿಂದ ಒಮ್ಮೆಗೇ ಅಳಿಸಿಬಿಡುತ್ತೀರಿ. ಹೇಗೆಂದು ನನಗೂ ನೀವೇ ಕಲಿಸಿಕೊಟ್ಟಿದ್ದೀರಿ. ನಮ್ಮ ಕಾಲದಲ್ಲಿ ಹಾಗೆ ಅಳಿಸಲು ಬರುತ್ತಿರಲಿಲ್ಲ. ಆಡಿದ ಮಾತು ಯಾವ ಯಾವ ಮನೆ ಮುಟ್ಟಿತೋ ಆ ಎಲ್ಲ ಮನೆಗಳ ಬಾಗಿಲಿಗೂ ಹೋಗಿ, ತಪ್ಪಾಯಿತೆಂದು ಹೇಳಬೇಕಿತ್ತು. ನಮ್ಮ ಓಣಿಯಲ್ಲಿ ಮೂವತ್ತು ಮನೆಗಳಾದರೂ ಇದ್ದವು. ನಾನು ತಪ್ಪೊಪ್ಪಿಕೊಂಡ ಆ ಮಳೆಯ ದಿನ ಗುಡಿಗೆ ಬಾರದವರ ಒಂದು ಮನೆಗೂ ನಾನು ಹೋಗಲಿಲ್ಲ.