ಹಳದಿ ರಿಬ್ಬನ್ನಿನ ಪಾಠ

ತಿರುವನಂತಪುರದ ಶ್ರೀಕಾರ್ಯಂನಲ್ಲಿರುವ ನಮ್ಮ ಶಾಲೆಗೆ ಡೆಮೊ ಕ್ಲಾಸ್ ಕೊಡಲು ಬಂದ ವಿನೋದಾಳನ್ನು ನೋಡಿದಾಗ ನನಗೆ ಮೊದಲು ಕಂಡದ್ದು ಅವಳ ಹೆಗಲಿನ ಚೀಲ. ಅದರಲ್ಲಿ ಬಟ್ಟೆ ನೇತುಹಾಕುವ ಹ್ಯಾಂಗರು, ಫುಟ್ಬಾಲು, ತಲೆದಿಂಬು, ಮರಳಿನ ಪೊಟ್ಟಣ. ಕೆಲಸ ಕೇಳಲು ಬಂದವಳೋ ಸಂಸಾರ ಹೂಡಲು ಬಂದವಳೋ ಎಂದು ನಗು ಬಂತು. ಆಮೇಲೆ ತಿಳಿಯಿತು, ಬಂದದ್ದು ಎರಡಕ್ಕೂ.

ವಿನೋದಾ ಮೈಸೂರಿನವಳು, ಕೊಚ್ಚಿಯ ಕಡೆ ಅಂಬಲಮುಗಳ್‌ನ ಶಾಲೆಯೊಂದರಲ್ಲಿ ಟೀಚರ್. ಗಂಡ ಶ್ರೀಕಂಠನಿಗೆ ತಿರುವನಂತಪುರದಲ್ಲಿ ಕೇಂದ್ರ ಸರ್ಕಾರದ ಕೆಲಸ. ಎತ್ತು ಏರಿಗೆಳೆದರೆ ಕೋಣ ನೀರಿಗೆಳೆಯಿತು ಅನ್ನುವ ಹಾಗೆ ಇಬ್ಬರ ಪೋಸ್ಟಿಂಗು. ಮಗಳು ನೇಹಾ ಅಪ್ಪ ಮತ್ತು ಅಜ್ಜಿಯ ಜೊತೆ ಇಲ್ಲೇ ಇದ್ದಳು, ನನ್ನ ಒಂದನೇ ತರಗತಿಯಲ್ಲಿ. ಅಮ್ಮ ಎರ್ನಾಕುಲಂನಿಂದ ರೈಲು ಹತ್ತಿ ತಿಂಗಳಿಗೊಮ್ಮೆ ಬಂದು ಹೋಗುವ ನೆಂಟಳು. ನಮ್ಮಲ್ಲಿ ಕೆಲಸ ಸಿಕ್ಕಿದರೆ ಕ್ರಿಸ್‌ಮಸ್ ರಜೆ ಮುಗಿದ ಕೂಡಲೇ ಎಲ್ಲರೂ ಒಂದೇ ಸೂರಿನಡಿ ಇರಬಹುದೆಂದು ಅವಳ ಲೆಕ್ಕ.

ಪಾಠದ ವಿಷಯ, ವಸ್ತುಗಳನ್ನು ಉದ್ದ ಮತ್ತು ತೂಕದ ಕ್ರಮದಲ್ಲಿ ಜೋಡಿಸುವುದು. ಪ್ರಿನ್ಸಿಪಾಲರಿಗೆ ಕೊಟ್ಟಿದ್ದ ಅವಳ ಪಾಠಯೋಜನೆಯನ್ನು ನಾನೂ ಓದಿದ್ದೆ. ಪ್ರತಿ ಚಟುವಟಿಕೆಯ ಎದುರು ಬರಬೇಕಾದ ಉತ್ತರವನ್ನೂ ಬರೆದಿದ್ದಳು. ನಾನು ಪ್ರಿನ್ಸಿಪಾಲರ ಜೊತೆ ಹಿಂದಿನ ಬೆಂಚಿನಲ್ಲಿ ಕೂತು ನೋಡಿದೆ. ಮೊದಲು ಎರಡು ಪೆನ್ಸಿಲ್ ಹಿಡಿದು, ಒಂದನ್ನು ಬೇಕೆಂದೇ ಮೇಲೆ ಸರಿಸಿ, ಯಾವುದು ಉದ್ದ ಎಂದು ಕೇಳಿದಳು. ಮಕ್ಕಳು ಮೇಲಿದ್ದದ್ದನ್ನೇ ತೋರಿಸಿದರು. ಬುಡಗಳನ್ನು ಒಂದೇ ಗೆರೆಗೆ ತಂದಾಗ ಉತ್ತರ ತಿರುಗುಮುರುಗಾಯಿತು, ಕ್ಲಾಸೆಲ್ಲ ಕೇಕೆ. ನನಗೆ ಹೊಟ್ಟೆಕಿಚ್ಚಾಯಿತು. ಇಷ್ಟು ವರ್ಷದಲ್ಲಿ ನನಗೆ ಇದು ಹೊಳೆದಿರಲಿಲ್ಲ.

ಆಮೇಲೆ ಕೆಂಪು, ಹಳದಿ, ನೀಲಿ ರಿಬ್ಬನ್ನುಗಳನ್ನು ಬುಡ ನೆಲಕ್ಕೆ ತಾಗುವ ಹಾಗೆ ಗೋಡೆಗೆ ಅಂಟಿಸಿದಳು. ಕೆಂಪು ಗಿಡ್ಡ, ಹಳದಿ ನಡುವಿನದು, ನೀಲಿ ಎಲ್ಲಕ್ಕಿಂತ ಉದ್ದ. "ಈಗ ನೇಹಾ ಬಂದು ನಿಲ್ಲಲಿ. ಅವಳ ಜಾಗ ಎಲ್ಲಿ?" ಎಂದು ಕೇಳಿದಳು. ಹಳದಿ ರಿಬ್ಬನ್ ನೇಹಾಳಷ್ಟೇ ಎತ್ತರ, 'ಸಮ' ಎಂಬುದನ್ನು ಹೇಳಿಕೊಡಬೇಕು ಎಂದು ಯೋಜನೆಯಲ್ಲಿತ್ತು. ಎರ್ನಾಕುಲಂನ ಬ್ರಾಡ್‌ವೇ ಪೇಟೆಯಲ್ಲಿ ಮಗಳಿಗೆ ಫ್ರಾಕ್ ಕೊಳ್ಳಲೆಂದು, ಕಳೆದ ಏಪ್ರಿಲ್‌ನ ವಿಷು ಹಬ್ಬದಲ್ಲಿ ಅವಳೇ ಮಗಳನ್ನು ಅಳೆದು ಕತ್ತರಿಸಿಕೊಂಡಿದ್ದ ರಿಬ್ಬನ್ ಅದು.

ನೇಹಾ ಗೋಡೆಗೆ ಬೆನ್ನು ಕೊಟ್ಟು ನಿಂತಳು. ಮುಂದಿನ ಬೆಂಚಿನ ಅಭಿಜಿತ್ ಮಲಯಾಳದಲ್ಲಿ ಕೂಗಿದ, "ಟೀಚರೇ, ನೇಹಾಯ್ಕ್ಕ್ ಉಯರಂ ಕೂಡುದಲಾ!" ನೇಹಾಳೇ ಎತ್ತರವಂತೆ.

ವಿನೋದಾ ಒಪ್ಪಲಿಲ್ಲ. ಬಗ್ಗಿ ರಿಬ್ಬನ್ನಿನ ಬುಡ ನೋಡಿದಳು, ನೆಲಕ್ಕೆ ತಾಗಿತ್ತು. ಮಗಳ ಶೂ ಬಿಚ್ಚಿಸಿದಳು. ಹಿಮ್ಮಡಿ ನೆಲಕ್ಕೆ ಊರಿಸಿದಳು. ಆದರೂ ತಲೆ ರಿಬ್ಬನ್ನಿನಿಂದ ಎರಡು ಬೆರಳು ಮೇಲಿತ್ತು. ಅವಳು ಆ ಎರಡು ಬೆರಳಿನ ಜಾಗದ ಮೇಲೆ ಕೈಯಿಟ್ಟು ನಿಂತುಬಿಟ್ಟಳು. ಪ್ರಿನ್ಸಿಪಾಲರು ಪೆನ್ನು ಕೆಳಗಿಟ್ಟರು. ದಿನವೂ ಆ ಹುಡುಗಿಯ ಜಡೆ ಸರಿ ಮಾಡುವವಳು ನಾನು, ಬೆಳೆದದ್ದು ನನ್ನ ಕಣ್ಣಮುಂದೆ.

"ಟೀಚರ್ ಊಹೆ ತಪ್ಪಾಯಿತು, ಮಕ್ಕಳೇ," ಎಂದಳು ಕೊನೆಗೆ. "ಪಕ್ಕದಲ್ಲಿ ನಿಲ್ಲಿಸಿ ನೋಡಿದ್ದಕ್ಕೆ ಗೊತ್ತಾಯಿತು. ಈಗ ನೀವೇ ಸರಿ ಮಾಡಿ." ಮಕ್ಕಳು ನೇಹಾಳನ್ನು ಹಳದಿಗೂ ನೀಲಿಗೂ ನಡುವೆ ನಿಲ್ಲಿಸಿದರು.

ಆಮೇಲೆ ತೂಕದ ಪಾಠ. ಕೈಯಲ್ಲಿ ಎತ್ತಿ ನೋಡಿ ಊಹಿಸಬೇಕು, ಆಮೇಲೆ ಹ್ಯಾಂಗರಿನ ಎರಡು ತುದಿಗೆ ಕಟ್ಟಿದ ಒಂದೇ ಥರದ ಚೀಲಗಳಲ್ಲಿ ಹಾಕಿ ನೋಡಬೇಕು. ದೊಡ್ಡ ಫುಟ್ಬಾಲು ಮೇಲೇರಿ ಪುಟ್ಟ ಮರಳಿನ ಪೊಟ್ಟಣ ಕೆಳಗಿಳಿದಾಗ ಮಕ್ಕಳು ಬಾಯಿ ಬಿಟ್ಟರು. ವಿನೋದಾಳ ಧ್ವನಿ ಎಲ್ಲೂ ನಡುಗಲಿಲ್ಲ. ಗಟ್ಟಿಗಿತ್ತಿ.

ಪಾಠ ಮುಗಿದ ಮೇಲೆ ಪ್ರಿನ್ಸಿಪಾಲರು ನಮ್ಮಿಬ್ಬರನ್ನೂ ತಮ್ಮ ಕೋಣೆಗೆ ಕರೆದರು. ಯೋಜನೆಯ ಉತ್ತರ ಯಾಕೆ ತಪ್ಪಿತು ಎಂದು ಕೇಳಿದರು. "ಹಳೆಯ ಅಳತೆ ಸರ್. ನಾನು ಇಲ್ಲಿರಲಿಲ್ಲ," ಎಂದಳು. ಅವರು ಕೆಲಸ ಕೊಟ್ಟೆವು ಅಂದರು, ಆದರೆ ಜೂನ್‌ನಿಂದ. ವರ್ಷದ ನಡುವೆ ಮಕ್ಕಳ ಟೀಚರನ್ನು ಬದಲಿಸುವುದಿಲ್ಲ.

ಆಗಿನ್ನೂ ನವೆಂಬರ್. ಹೊರಗೆ ಬಂದ ಮೇಲೆ ವಿನೋದಾ ಅಂದಳು, "ಸುಮಿತ್ರಕ್ಕ, ಖುಷಿ ಪಡಬೇಕಲ್ವಾ ನಾನು?" ಕಣ್ಣು ತುಂಬಿತ್ತು. "ಪಡು ಮಾರಾಯ್ತಿ, ಅಳುತ್ತಲೇ ಪಡು," ಎಂದೆ.

ವರಾಂಡದಲ್ಲಿ ಕಾಯುತ್ತಿದ್ದ ನೇಹಾಳಿಗೆ ಅವಳೇ ಕನ್ನಡದಲ್ಲಿ ಹೇಳಿದಳು: ಅಮ್ಮ ಬರ್ತಾಳೆ ಪುಟ್ಟಿ, ಆದ್ರೆ ಮುಂದಿನ ಜೂನ್‌ಗೆ. ನೇಹಾ ಅಮ್ಮನ ಮುಖ ನೋಡಿದಳು. ಮೊಣಕಾಲು ಮಡಚಿ ಕುಗ್ಗಿ ನಿಂತು, ಎಂದಿನಂತೆ ಮಲಯಾಳದಲ್ಲೇ ಹೇಳಿದಳು:

"ಸಾರಮಿಲ್ಲ ಅಮ್ಮ. ಅದುವರೆ ಞಾನ್ ವಳರಿಲ್ಲ."

ಪರವಾಗಿಲ್ಲ ಅಮ್ಮ, ಅಲ್ಲಿವರೆಗೆ ನಾನು ಬೆಳೆಯೋದಿಲ್ಲ.